ಏಳು ಬಾಲ್ ತಡವಾಗಿ ಗೆದ್ದು ಮನೆಗೆ ಹೋದವರು

ಪ್ರಶ್ನೆ: ಪಾಯಿಂಟ್ಸ್ ಸಮ ಆದಾಗ ನೆಟ್ ರನ್ ರೇಟ್ ಯಾಕೆ ನೋಡ್ತಾರೆ, ಅದನ್ನ ಹೇಗೆ ಲೆಕ್ಕ ಹಾಕ್ತಾರೆ? ಇಬ್ಬರ ನಡುವಿನ ಮ್ಯಾಚ್ ಗೆದ್ದವರನ್ನೇ ಮುಂದೆ ಕಳಿಸಬಹುದಲ್ವಾ?

ಇದೇ ಮಾತನ್ನ ನಾನೂ ಕಲಬುರಗಿಯ ಒಂದು ಬೇಸಿಗೆ ಟೂರ್ನಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದ್ದೆ. ಟೆನಿಸ್ ಬಾಲ್, ಹತ್ತು ಓವರ್, ಗುಂಪಿನಲ್ಲಿ ನಾಲ್ಕು ಟೀಮ್, ಇಬ್ಬರು ಮುಂದಕ್ಕೆ. ಬಿಸಿಲಿಗೆ ಹೆದರಿ ಬೆಳಿಗ್ಗೆ ಏಳಕ್ಕೇ ಮ್ಯಾಚ್ ಶುರು. ನಮ್ಮ ಟೀಮಿನ ಲೆಕ್ಕದ ನೋಟ್‌ಬುಕ್ ನನ್ನ ಕೈಯಲ್ಲಿತ್ತು.

ಮೊದಲ ಮ್ಯಾಚಿನಲ್ಲಿ ನಾವು 84 ಹೊಡೆದು ಎದುರಿನವರನ್ನ ಹತ್ತು ಓವರಿನಲ್ಲಿ 70ಕ್ಕೆ ನಿಲ್ಲಿಸಿದೆವು. ಎರಡನೆಯದರಲ್ಲಿ ಏಳೇ ಓವರಿಗೆ 52ಕ್ಕೆ ಆಲೌಟ್. ಅವರು 8 ಓವರಿನಲ್ಲಿ 53 ಮಾಡಿ ಗೆದ್ದರು. ಕೊನೆಯ ಮ್ಯಾಚಿನಲ್ಲಿ ಎದುರಿನವರು ಹತ್ತು ಓವರಿಗೆ 66, ನಮಗೆ ಬೇಕಿದ್ದದ್ದು 67. ನಾವು ಮೊದಲು ಸೋಲಿಸಿದ ಟೀಮ್ ಆಗಲೇ ತನ್ನ ಮ್ಯಾಚ್‌ಗಳನ್ನೆಲ್ಲ ಮುಗಿಸಿ ನೆಟ್ ರನ್ ರೇಟ್ +0.450ರಲ್ಲಿ ಕೂತಿತ್ತು. ನಾವು ದಾಟಬೇಕಾದದ್ದು ಅದನ್ನೇ.

ಲೆಕ್ಕ ಇಷ್ಟೇ. ಟೂರ್ನಿಯಲ್ಲಿ ಇಲ್ಲಿತನಕ ನೀವು ಹೊಡೆದ ಒಟ್ಟು ರನ್ನನ್ನ ಆಡಿದ ಒಟ್ಟು ಓವರಿನಿಂದ ಭಾಗಿಸಿ. ಕೊಟ್ಟ ಒಟ್ಟು ರನ್ನನ್ನ ಹಾಕಿದ ಒಟ್ಟು ಓವರಿನಿಂದ ಭಾಗಿಸಿ. ಮೊದಲನೆಯದರಲ್ಲಿ ಎರಡನೆಯದನ್ನ ಕಳೆಯಿರಿ. ಮ್ಯಾಚ್ ಮ್ಯಾಚಿಗೆ ಬೇರೆ ಬೇರೆ ತೆಗೆದು ಸರಾಸರಿ ಮಾಡಬೇಡಿ. 9.2 ಓವರ್ ಅಂದರೆ ಒಂಬತ್ತು ಓವರ್ ಎರಡು ಬಾಲ್, ಲೆಕ್ಕದಲ್ಲಿ 9.33.

ಇದೆಲ್ಲ ನನಗೆ ಗೊತ್ತಿತ್ತು. ಕೆಟ್ಟದ್ದು ಆಲೌಟ್ ಆದ ಮ್ಯಾಚಿನಲ್ಲಿ. ಏಳು ಓವರ್ ಆಡಿದೆವಲ್ಲ ಅಂತ ಏಳು ಅಂತಲೇ ಬರೆದೆ. ಬರೆಯಬೇಕಾದದ್ದು ಹತ್ತು. ಹತ್ತೂ ವಿಕೆಟ್ ಕಳೆದುಕೊಂಡರೆ, ನಿಮಗೆ ಸಿಕ್ಕಿದ್ದ ಪೂರ್ತಿ ಓವರ್ ಆಡಿದಿರಿ ಅಂತಲೇ ಹಿಡಿಯುತ್ತಾರೆ. ಉಳಿದ ಮೂರು ಓವರ್ ನೀವೇ ಹಾಳು ಮಾಡಿಕೊಂಡದ್ದು.

ಈ ನಿಯಮ ಸುಮ್ನೆ ಇಟ್ಟದ್ದಲ್ಲ. ನನ್ನ ಲೆಕ್ಕದಲ್ಲಿ ನಮ್ಮ ರೇಟ್ 52 ಭಾಗಿಸು 7, ಅಂದರೆ 7.43. ಗೆದ್ದವರದ್ದು 53 ಭಾಗಿಸು 8, ಅಂದರೆ 6.63. ಸೋತವರ ರೇಟ್ ಗೆದ್ದವರಿಗಿಂತ ಜಾಸ್ತಿ! ಮಳೆ ಬಾರದ ಮ್ಯಾಚಿನಲ್ಲಿ ಸೋತ ಟೀಮಿಗೆ ಪ್ಲಸ್ ಬಂದರೆ ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ. ಅದು ನೋಟ್‌ಬುಕ್‌ನಲ್ಲೇ ಇತ್ತು, ನನಗೆ ಕಾಣಲಿಲ್ಲ. 52 ಭಾಗಿಸು 10, ಬರೀ 5.2. ನಮ್ಮ ಯೋಗ್ಯತೆ ಅಷ್ಟೇ ಇತ್ತು.

ತಪ್ಪು ಲೆಕ್ಕದ ಪ್ರಕಾರ ಯಾವಾಗ ಗೆದ್ದರೂ ನಡೆಯುತ್ತಿತ್ತು. ಬೌಂಡರಿ ಹತ್ತಿರ ನಿಂತು, "ಆರಾಮ್ ಆಡ್ರಿ, ಗೆದ್ರ ಸಾಕು" ಅಂತ ಕೂಗಿದೆ. ಹುಡುಗರು ಒಂದೊಂದೇ ರನ್ ತೆಗೆದು 9.2 ಓವರಿನಲ್ಲಿ ಗೆದ್ದರು. ಹೊಡೆದದ್ದು ಒಟ್ಟು 203, ಓವರ್ 29.33, ರೇಟ್ 6.92. ಕೊಟ್ಟದ್ದು 28 ಓವರಿಗೆ 189, ಅಂದರೆ 6.75. ಉಳಿದದ್ದು +0.170. 8.1 ಓವರಿನೊಳಗೆ ಮುಗಿಸಿದ್ದರೆ +0.457 ಆಗುತ್ತಿತ್ತು. ಏಳು ಬಾಲ್ ತಡ.

ಆಗಲೇ ನಿಮ್ಮ ಪ್ರಶ್ನೆ ಕೂಗಿದ್ದು. "ಅವರಿಗಿ ನಾವು ಸೋಲಿಸೀವಿ, ನಮಗ್ಯಾಕ ಮನೀಗಿ ಕಳಸ್ತೀರಿ?" ಸ್ಕೋರ್ ಬರೆಯುತ್ತಿದ್ದ ಕಾಕಾ ತಲೆಯೂ ಎತ್ತಲಿಲ್ಲ. "ನಿಮಗ ಇವರು ಸೋಲಿಸ್ಯಾರ, ಇವರಿಗಿ ಅವರು ಸೋಲಿಸ್ಯಾರ. ಈಗ ಯಾರಿಗಿ ಕಳಸ್ಲಿ?" ಮೂವರಿಗೂ ನಾಲ್ಕೇ ಪಾಯಿಂಟ್ಸ್. ಇಬ್ಬರೇ ಸಮ ಇದ್ದಾಗ ನಿಮ್ಮ ದಾರಿ ಸರಿ. ಮೂವರು ಹೀಗೆ ಸುತ್ತಿಕೊಂಡರೆ ಅದು ಅಲ್ಲೇ ನಿಲ್ಲುತ್ತದೆ. ರನ್ ರೇಟ್ ಎಲ್ಲ ಮ್ಯಾಚನ್ನೂ ತೂಕಕ್ಕೆ ಹಾಕುತ್ತದೆ, ನಾವು 52ಕ್ಕೆ ಮಲಗಿದ್ದನ್ನೂ ಸೇರಿಸಿ. ನನಗೆ ಅದೇ ನ್ಯಾಯ ಅನ್ನಿಸುತ್ತದೆ. ದುರ್ಬಲ ಟೀಮನ್ನ ಸಿಕ್ಕಾಪಟ್ಟೆ ಚಚ್ಚಿದವರಿಗೆ ಲಾಭ ಆಗುತ್ತದೆ, ನಿಜ. ಆದರೆ ಆ ಟೀಮ್ ಎಲ್ಲರಿಗೂ ಸಿಕ್ಕಿರುತ್ತದಲ್ವಾ?

ನಮ್ಮದು ಬಿಡಿ, 2023ರ ಏಷ್ಯಾ ಕಪ್‌ನಲ್ಲಿ ಅಫ್ಘಾನಿಸ್ತಾನಕ್ಕೂ ಇಂಥದ್ದೇ ಆಯಿತು. ಲಾಹೋರಿನಲ್ಲಿ ಶ್ರೀಲಂಕಾ ವಿರುದ್ಧ 37.1 ಓವರಿನೊಳಗೆ 292 ಮುಟ್ಟಬೇಕಿತ್ತು. ಆ ಬಾಲಿಗೆ 289ರಲ್ಲಿ ವಿಕೆಟ್ ಬಿತ್ತು. ಮುಗಿಯಿತು ಅಂದುಕೊಂಡರು. ಆದರೆ 37.4ರೊಳಗೆ ಸಿಕ್ಸ್ ಹೊಡೆದು 295 ಮುಟ್ಟಿದ್ದರೂ ದಾಟುತ್ತಿದ್ದರು, ಯಾಕೆಂದರೆ ಗೆಲ್ಲುವ ಹೊಡೆತದ ರನ್ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಅದು ಗೊತ್ತಿಲ್ಲದೆ ಕೊನೆಯ ಬ್ಯಾಟರ್ ಫಾರೂಕಿ ಎರಡು ಬಾಲ್ ತಡೆದರು, ಮೂರನೆಯದಕ್ಕೆ ಔಟ್. ರಶೀದ್ ಖಾನ್ ಆಚೆ ತುದಿಯಲ್ಲಿ ನಿಂತೇ ಇದ್ದರು.

ಹಾಗಾಗಿ ಕೊನೆಯ ಮ್ಯಾಚಿನಲ್ಲಿ "ಎಷ್ಟು ಓವರಿನೊಳಗೆ" ಅಂತ ಮಾತ್ರ ಬರೆದುಕೊಂಡು ಕೂರಬೇಡಿ. ಫೋರ್‌ನಿಂದ ಮುಗಿಸಿದರೆ ಎಷ್ಟನೇ ಬಾಲ್, ಸಿಕ್ಸ್‌ನಿಂದ ಮುಗಿಸಿದರೆ ಎಷ್ಟನೇ ಬಾಲ್ ಅಂತಲೂ ಬರೆಯಿರಿ. ಆ ಚೀಟಿ ನಿಮ್ಮ ಜೇಬಿನಲ್ಲಲ್ಲ, ಬ್ಯಾಟ್ ಹಿಡಿದವನ ಜೇಬಿನಲ್ಲಿರಲಿ.