ಎಐ ಬರೆದ ಜೋಕಿಗೆ ಯಾರೂ ಯಾಕೆ ನಗಲ್ಲ?

ಪ್ರಶ್ನೆ: ಆಫೀಸಿನಲ್ಲಿ ಒಬ್ಬರು ರಿಟೈರ್ ಆಗ್ತಿದ್ದಾರೆ, ಬೀಳ್ಕೊಡುಗೆ ಭಾಷಣ ನನ್ನ ತಲೆಗೆ ಬಂದಿದೆ. ಎಐ ಹತ್ರ ಬರೆಸಿದೆ. ಪ್ಯಾರಾಗೊಂದು ಜೋಕ್ ಇದೆ, ಒಂದಕ್ಕೂ ನಗು ಬರಲ್ಲ. ಏನು ತಪ್ಪಾಗಿದೆ?

ಹೋದ ವರ್ಷ ನಾನೂ ಇದೇ ಹಳ್ಳಕ್ಕೆ ಬಿದ್ದಿದ್ದೆ. ನಮ್ಮ ಅಕೌಂಟ್ಸ್‌ನ ಹಿರಿಯರೊಬ್ಬರು ರಿಟೈರ್ ಆಗುತ್ತಿದ್ದರು. ಎಐ ಕೊಟ್ಟ ಮೊದಲ ಸಾಲು ಹೀಗಿತ್ತು: "ಲೆಕ್ಕವಿಲ್ಲದಷ್ಟು ಲೆಕ್ಕ ಬರೆದವರು ನಮ್ಮ ಸಾರ್, ಆದರೆ ಅವರ ಪ್ರೀತಿಗೆ ಮಾತ್ರ ಲೆಕ್ಕವೇ ಇಲ್ಲ!" ಕೊನೆಗೊಂದು ನಗುವ ಎಮೋಜಿ ಬೇರೆ. ನಾವು ನಗುವ ಮುಂಚೆ ಅದೇ ನಕ್ಕುಬಿಟ್ಟಿತ್ತು.

ಆ ಸಾಲಿನಲ್ಲಿರುವ 'ನಮ್ಮ ಸಾರ್' ಅನ್ನೋದನ್ನು ಬೆರಳಿನಿಂದ ಮುಚ್ಚಿ ನೋಡಿ. ರಾಜ್ಯದ ಯಾವ ಅಕೌಂಟೆಂಟ್‌ಗೆ ಬೇಕಾದರೂ ಹೊಂದುತ್ತೆ, ಅಲ್ವಾ? ಯಂತ್ರ ಬರೆಯುವುದೇ ಹಾಗೆ. ಒಂದು ಪದದ ಜೊತೆ ಸಾಮಾನ್ಯವಾಗಿ ಏನೇನು ಬರುತ್ತೋ ಅದರ ಅಂದಾಜಿನ ಮೇಲೆ ಮುಂದಿನ ಪದ ಇಡುತ್ತದೆ. ಅಕೌಂಟೆಂಟ್ ಎಂದರೆ ಲೆಕ್ಕ, ಡಾಕ್ಟರ್ ಎಂದರೆ ಸೂಜಿ, ಮೇಷ್ಟ್ರು ಎಂದರೆ ಬೆತ್ತ. ಕೇಳುವವರೂ ಅದನ್ನೇ ಊಹಿಸಿಕೊಂಡು ಕೂತಿರುತ್ತಾರೆ. ಊಹಿಸಿದ್ದೇ ಬಂದರೆ ನಗು ಎಲ್ಲಿಂದ ಬರಬೇಕು?

ಹಾಗಂತ 'ಲೆಕ್ಕ' ಅನ್ನೋ ಪದದ್ದೇನೂ ತಪ್ಪಿಲ್ಲ. ಇದೇ ಸಾರ್ ಒಮ್ಮೆ ಆಫೀಸ್ ಟ್ರಿಪ್ಪಿನಲ್ಲಿ ಬಸ್ಸು ಹೊರಡುವ ಮುಂಚೆ ತಲೆ ಎಣಿಸುತ್ತಿದ್ದರು. ಮೂರು ಸಲ ಎಣಿಸಿದರೂ ಒಂದು ಕಮ್ಮಿ. ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾಗ ಹಿಂದಿನ ಸೀಟಿನಿಂದ ಒಬ್ಬ ಹುಡುಗ, "ಸಾರ್, ನೀವು ನಿಮ್ಮನ್ನೇ ಲೆಕ್ಕಕ್ಕೆ ತಗೊಂಡಿಲ್ಲ" ಅಂದ. ಬಸ್ಸೆಲ್ಲಾ ನಕ್ಕಿತು. ಅಲ್ಲಿ ಎರಡೂ ಅರ್ಥ ನಿಜವಾಗಿದ್ದವು: ಎಣಿಕೆಯಲ್ಲೂ ಅವರು ಬಿಟ್ಟುಹೋಗಿದ್ದರು, ಯಾವಾಗಲೂ ತಮ್ಮನ್ನು ಕೊನೆಗೆ ಇಟ್ಟುಕೊಳ್ಳುವ ಮನುಷ್ಯ ಕೂಡ ಹೌದು. ಎಐ ಬರೆದ ಸಾಲಿನಲ್ಲಿ ಸದ್ದು ಮಾತ್ರ ಒಂದಾಗಿತ್ತು, ಹಿಂದೆ ಯಾವ ಘಟನೆಯೂ ಇರಲಿಲ್ಲ.

ಆ ಭಾಷಣ ಅಳಿಸಿ, ಸುಮ್ನೆ ಕೂತು ಅವರ ಬಗ್ಗೆ ನಾನು ಕಣ್ಣಾರೆ ಕಂಡಿದ್ದನ್ನು ಬರೆಯುತ್ತಾ ಹೋದೆ. ಶಿಸ್ತು, ಸರಳತೆ ಅಂತೆಲ್ಲಾ ಅಲ್ಲ. ಏನು ಮಾಡ್ತಿದ್ದರು ಅನ್ನೋದು. ಯಾರಾದರೂ ಪೆನ್ನು ಕೇಳಿದರೆ ಕ್ಯಾಪ್ ತೆಗೆದು ತಾವೇ ಇಟ್ಟುಕೊಂಡು ಪೆನ್ನು ಮಾತ್ರ ಕೊಡುತ್ತಿದ್ದರು, ವಾಪಸ್ ಬರಲಿ ಅಂತ. ಅಲ್ಲಿಗೆ ಸಿಕ್ಕಿತು ನನಗೆ.

ಮೊದಲ ಸಲ ಬರೆದದ್ದು: "ಎಂಡಿ ಕೇಳಿದಾಗಲೂ ಕ್ಯಾಪ್ ಕೊಡದೆ ಪೆನ್ನು ಮಾತ್ರ ಕೊಟ್ಟವರು ಇವರು, ಏಕೆಂದರೆ ಇವರಿಗೆ ಎಲ್ಲರೂ ಒಂದೇ." ವಿಷಯ ಒಳ್ಳೆಯದೇ, ಆದರೆ ಸತ್ತುಹೋಗಿದೆ. ನಗು ಬರಿಸುವ ಮಾತು ಮಧ್ಯದಲ್ಲೇ ಖರ್ಚಾಗಿಹೋಯಿತು, ಅದರ ಬಾಲಕ್ಕೆ ವಿವರಣೆ ನೇತಾಡುತ್ತಿದೆ. ತಿದ್ದಿದ ಮೇಲೆ ಹೀಗಾಯಿತು: "ಒಂದು ದಿನ ಎಂಡಿ ಬಂದು ಪೆನ್ನು ಕೇಳಿದರು. ಕೊಟ್ಟರು. ಕ್ಯಾಪ್ ಕೊಡಲಿಲ್ಲ."

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಏನಾಯಿತು ಅನ್ನೋದನ್ನು ಕೊನೆಯ ಪದದವರೆಗೂ ಮುಚ್ಚಿಡಬಹುದು. 'ಕೊಡಲಿಲ್ಲ' ಬರುವವರೆಗೂ ಕೇಳುವವರಿಗೆ ಗೊತ್ತಾಗಲ್ಲ. ಅದಾದ ಮೇಲೆ ಒಂದು ಪದವೂ ಬೇಡ. ಯಂತ್ರದ ಕೈಗೆ ಸಿಕ್ಕಿದ್ದರೆ "ಅದಕ್ಕೇ ಅವರು ನಮ್ಮ ನಿಜವಾದ ಕ್ಯಾಪ್-ಟನ್!" ಅಂತ ಸೇರಿಸುತ್ತಿತ್ತೇನೋ. ನಿಜ ಹೇಳಬೇಕೆಂದರೆ ನನಗೂ ಆ ಪನ್ ಹೊಳೆದಿತ್ತು. ಎರಡು ದಿನ ಇಟ್ಟುಕೊಂಡು ಕಷ್ಟಪಟ್ಟು ಹೊಡೆದುಹಾಕಿದೆ.

ಇನ್ನೊಂದು ವಿಷಯ. ಸಭೆಗೆ ಅವರ ಮನೆಯವರೂ ಬಂದಿರುತ್ತಾರೆ, ಅವರಿಗೆ ಈ ಕ್ಯಾಪ್ ವಿಷಯ ಗೊತ್ತಿರಲ್ಲ. ಜೋಕ್ ಹೇಳಿ ಆಮೇಲೆ ಅರ್ಥ ಬಿಡಿಸಲು ಹೋದರೆ ಕೆಟ್ಟಿತು. ಅದಕ್ಕೆ ಭಾಷಣದ ಶುರುವಿನಲ್ಲೇ, ನಗಿಸುವ ಉದ್ದೇಶ ತೋರಿಸದೆ, ಅವರ ಈ ಅಭ್ಯಾಸವನ್ನು ಒಂದು ಸಾಲಿನಲ್ಲಿ ಹೇಳಿದೆ. ಎಂಡಿ ಕಥೆ ಬಂದದ್ದು ಮೂರ್ನಾಲ್ಕು ನಿಮಿಷ ಬಿಟ್ಟು, ಎಲ್ಲರೂ ಅದನ್ನು ಮರೆಯುವ ಹೊತ್ತಿಗೆ. ಮಧ್ಯೆ ಬೇರೆ ಜೋಕ್ ಇಡಲಿಲ್ಲ. ಪ್ಯಾರಾಗೊಂದು ಜೋಕ್ ಇದ್ದರೆ ಜನ ಮುಂದಿನದಕ್ಕೆ ಮುಖ ಸಿದ್ಧ ಮಾಡಿಕೊಂಡು ಕೂರುತ್ತಾರೆ.

ಆದರೂ ನಾನು ಒಂದು ಎಡವಟ್ಟು ಮಾಡಿದೆ. 'ಕೊಡಲಿಲ್ಲ' ಅಂದ ತಕ್ಷಣ ಗಾಬರಿಯಲ್ಲಿ ಮುಂದಿನ ಸಾಲು ಶುರು ಮಾಡಿದೆ, ಅದು ನಗುವಿನಲ್ಲಿ ಮುಳುಗಿಹೋಯಿತು. ನೀವು ಅಲ್ಲಿ ನಿಲ್ಲಿಸಿ, ಒಂದು ಗುಟುಕು ನೀರು ಕುಡಿಯಿರಿ. ನಗು ಇಳಿಯಲು ಶುರುವಾದ ಮೇಲೆ ಮುಂದುವರಿಸಿ.

ಕೊನೆಗೆ ಸಾರ್ ನೆನಪಿನ ಪುಸ್ತಕಕ್ಕೆ ಸಹಿ ಹಾಕಬೇಕಿತ್ತು. ಜೇಬು ತಡಕಿ ನನ್ನ ಕಡೆ ಕೈ ಚಾಚಿದರು. ಪೆನ್ನು ಕೊಟ್ಟೆ. ಅವರು ಅದನ್ನೊಮ್ಮೆ ನೋಡಿ, ನನ್ನ ಇನ್ನೊಂದು ಕೈ ನೋಡಿದರು.