ಕ್ರ್ಯಾಶ್ ಕಡಿಮೆ ಇದೆ, ಆದರೂ ಹ್ಯಾಂಗ್ ಅಂತಾರೆ

ಪ್ರಶ್ನೆ: ಸಾರ್, ಅಂಗಡಿಯವರಿಗೆ ಬಿಲ್ ಮಾಡುವ ಆಂಡ್ರಾಯ್ಡ್ ಆ್ಯಪ್ ನಮ್ಮದು. ದಿನಕ್ಕೆ ಸುಮಾರು 40 ಸಾವಿರ ಬಳಕೆದಾರರು, 2 ಲಕ್ಷ ಸೆಷನ್. ಕ್ರ್ಯಾಶ್ ಇಲ್ಲದ ಸೆಷನ್ 99.6% ಇದೆ, ಮ್ಯಾನೇಜರ್‌ಗೆ ಖುಷಿ. ಆದರೆ ರಿವ್ಯೂಗಳಲ್ಲಿ ‘ಬಿಲ್ ಹಾಕುವಾಗ ಹ್ಯಾಂಗ್ ಆಗುತ್ತೆ’ ಅಂತಲೇ ಬರುತ್ತಿದೆ. ಮುಂದಿನ ರಿಲೀಸ್‌ಗೆ ಯಾವ ಗುರಿ ಇಟ್ಟುಕೊಳ್ಳಬೇಕು?

ಉತ್ತರ: ಮೊದಲು ಆ 99.6 ಅನ್ನೇ ಬಿಡಿಸಿ ನೋಡೋಣ. 2 ಲಕ್ಷದಲ್ಲಿ 0.4% ಅಂದರೆ ದಿನಕ್ಕೆ 800 ಸೆಷನ್ ಕ್ರ್ಯಾಶ್. ಈ 800 ಯಾರ ಪಾಲಿಗೆ ಬಿದ್ದಿವೆ ಅನ್ನುವುದು ಮುಖ್ಯ. ಒಬ್ಬೊಬ್ಬರಿಗೆ ಒಂದೊಂದು ಅಂತಾದರೆ 800 ಜನ, ಅಂದರೆ ದಿನದ ಬಳಕೆದಾರರಲ್ಲಿ 2%. ಬರೀ 100 ಜನರಿಗೆ ಎಂಟೆಂಟು ಸಲ ಆಗಿದ್ದರೆ 0.25% ಮಾತ್ರ. ಎರಡರಲ್ಲೂ ಡ್ಯಾಶ್‌ಬೋರ್ಡ್ ತೋರಿಸುವುದು ಅದೇ 99.6. ಆದರೆ ಮೊದಲನೆಯದು ಎಲ್ಲ ಕಡೆ ಹರಡಿದ ತೊಂದರೆ. ಎರಡನೆಯದು ಬಹುಶಃ ಒಂದೇ ಮಾಡೆಲ್ ಫೋನಿನದೋ ಒಂದು ಬಗೆಯ ಡೇಟಾದ್ದೋ ಕಾಟ.

ಗೂಗಲ್ ಪ್ಲೇ ಲೆಕ್ಕ ಹಾಕುವುದು ಸೆಷನ್‌ನಿಂದ ಅಲ್ಲ, ದಿನದ ಬಳಕೆದಾರರಿಂದ. ಬಳಕೆದಾರರ ಕಣ್ಣೆದುರೇ ಆದ ಕ್ರ್ಯಾಶ್ 1.09% ದಾಟಿದರೆ ಸ್ಟೋರಿನಲ್ಲಿ ಆ್ಯಪ್ ಕಾಣಿಸಿಕೊಳ್ಳುವುದೇ ಕಡಿಮೆ ಆಗಬಹುದು. ಕ್ರ್ಯಾಶ್‌ಗಳು ಹೆಚ್ಚಾಗಿ ತೆರೆಯ ಮೇಲೇ ಆಗುತ್ತಿದ್ದು, ಬೇರೆ ಬೇರೆ ಜನರಿಗೆ ಹರಡಿದ್ದರೆ ನಿಮ್ಮ ‘ಖುಷಿ’ಯ ಅಂಕಿ ಆಗಲೇ ಆ ಗೆರೆ ದಾಟಿರಬಹುದು. ಹಾಗಾಗಿ ಸೆಷನ್ ಅಂಕಿಯ ಪಕ್ಕದಲ್ಲೇ ಬಳಕೆದಾರರ ಅಂಕಿಯನ್ನೂ ಇಡಿ.

ಇನ್ನು ಹ್ಯಾಂಗ್. ಇದು ಕ್ರ್ಯಾಶ್ ಲೆಕ್ಕಕ್ಕೆ ಬರುವುದೇ ಇಲ್ಲ, ಅಲ್ವಾ? ಅಂಗಡಿಯವರು ಕಾದು ಕಾದು ಆ್ಯಪನ್ನು ಸ್ವೈಪ್ ಮಾಡಿ ತೆಗೆದರೆ ಆ ಸೆಷನ್ ‘ಕ್ರ್ಯಾಶ್ ಇಲ್ಲದ’ ಸೆಷನ್ ಆಗಿಯೇ ಉಳಿಯುತ್ತದೆ. ತೆರೆ ಮುಟ್ಟಿ 5 ಸೆಕೆಂಡಾದರೂ ಆ್ಯಪ್ ಉತ್ತರ ಕೊಡದಿದ್ದರೆ ಆಂಡ್ರಾಯ್ಡ್ ಅದನ್ನು ಎಎನ್‌ಆರ್ ಅನ್ನುತ್ತದೆ. ಅದಕ್ಕೆ ಪ್ಲೇ ಇಟ್ಟಿರುವ ಗೆರೆ 0.47%. ಎರಡು ಮೂರು ಸೆಕೆಂಡಿನ ಹ್ಯಾಂಗ್ ಅಲ್ಲಿಗೂ ಮುಟ್ಟುವುದಿಲ್ಲ. ಬಿಲ್ ಕೌಂಟರಿನಲ್ಲಿ ಜನ ಬೈಯುವುದು ಇದಕ್ಕೇ.

ಇದನ್ನು ಹಿಡಿಯಲು ಇರುವ ಅಳತೆ ಫ್ರೋಜನ್ ಫ್ರೇಮ್. ಒಂದು ಫ್ರೇಮ್ ಬಿಡಿಸಲು 700 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಅದು ಫ್ರೋಜನ್. ಅಳತೆ ಸರಿ, ಶೇಕಡಾ ಹಾಕುವ ರೀತಿಯಲ್ಲಿ ಮೋಸವಿದೆ. ಒಬ್ಬರು 20 ಸೆಕೆಂಡ್ ಸಾಮಾನಿನ ಪಟ್ಟಿ ಸ್ಕ್ರೋಲ್ ಮಾಡಿದರು ಅಂದುಕೊಳ್ಳಿ. 60 ಹರ್ಟ್ಸ್ ಫೋನಿನಲ್ಲಿ ಸುಮಾರು 1,200 ಫ್ರೇಮ್. ಆಮೇಲೆ ‘ಸೇವ್’ ಒತ್ತಿದಾಗ 2 ಸೆಕೆಂಡ್ ತೆರೆ ನಿಂತಿತು. ಅದು ಎಣಿಕೆಗೆ ಒಂದೇ ಫ್ರೇಮ್. ಲೆಕ್ಕ 0.08%, ನೋಡಲು ಏನೂ ಆಗಿಲ್ಲ ಅನ್ನುವ ಹಾಗಿದೆ. 120 ಹರ್ಟ್ಸ್ ಫೋನಿನಲ್ಲಿ ಅದೇ ಹ್ಯಾಂಗ್ ಇನ್ನೂ ಅರ್ಧ, 0.04%. ಹ್ಯಾಂಗ್ ಅಷ್ಟೇ ಇದೆ, ಕೆಳಗಿನ ಸಂಖ್ಯೆ ಬೆಳೆದಿದೆ ಅಷ್ಟೇ.

ಅದಕ್ಕೇ ಫ್ರೇಮ್‌ಗಳ ಶೇಕಡಾ ಬಿಡಿ. ‘ಬಿಲ್ ಸ್ಕ್ರೀನ್ ತೆರೆದ ಸಲಗಳಲ್ಲಿ ಎಷ್ಟು ಸಲ ಒಂದಾದರೂ ಫ್ರೀಜ್ ಆಯಿತು’ ಅಂತ ಎಣಿಸಿ. ಸ್ಕ್ರೀನ್ ಒಂದೊಂದಕ್ಕೂ ಬೇರೆ ಲೆಕ್ಕ ಇರಲಿ. ಸೆಟ್ಟಿಂಗ್ಸ್ ಪುಟ ನಿಂತರೆ ಯಾರಿಗೂ ಬೇಜಾರಿಲ್ಲ. ಜೆಟ್‌ಪ್ಯಾಕ್‌ನ ಜ್ಯಾಂಕ್‌ಸ್ಟ್ಯಾಟ್ಸ್ ಇದ್ದರೆ ಇಷ್ಟು ಸಾಕು:

```kotlin
val frozen = AtomicInteger()
val stats = JankStats.createAndTrack(window) { f ->
    if (f.frameDurationUiNanos > 700_000_000L)
        frozen.incrementAndGet()
}
```

ಈ ಕಾಲ್‌ಬ್ಯಾಕ್ ಬೇರೆ ಥ್ರೆಡ್‌ನಿಂದ ಬರಬಹುದು, ಅದಕ್ಕೇ `AtomicInteger`. ಸ್ಕ್ರೀನ್ ಮುಚ್ಚುವಾಗ ಎಣಿಕೆ ಸೊನ್ನೆಗಿಂತ ಜಾಸ್ತಿ ಇದ್ದರೆ ಒಂದು ಇವೆಂಟ್ ಕಳಿಸಿ. ಆ್ಯಪ್ ತೆರೆದಾಗಿನ ಮೊದಲ ಫ್ರೇಮ್ ಹೇಗೂ ನಿಧಾನ, ಅದನ್ನು ಸ್ಟಾರ್ಟ್‌ಅಪ್ ಲೆಕ್ಕಕ್ಕೆ ಹಾಕಿ, ಇಲ್ಲಿ ಬೆರೆಸಬೇಡಿ. ನಿಮ್ಮದು ಫ್ಲಟರ್ ಆ್ಯಪ್ ಆಗಿದ್ದರೆ ಈ ದಾರಿ ನಡೆಯದು. ಅದು ತನ್ನ ತೆರೆಯನ್ನು ತಾನೇ ಬಿಡಿಸುತ್ತದೆ, ಅದರದೇ ಫ್ರೇಮ್ ಟೈಮಿಂಗ್ ತೆಗೆದುಕೊಳ್ಳಬೇಕು.

ಈಗ ಗುರಿಗೆ ಬರೋಣ. ‘99.9 ಇಡೋಣ’ ಅಂತ ಮೀಟಿಂಗಿನಲ್ಲಿ ಸುಮ್ನೆ ಒಂದು ಅಂಕಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ರೋಲ್‌ಔಟ್ ಸಮಯದಲ್ಲಿ ಅಳೆದು ‘ಮುಂದೆ ಹೋಗು’ ಅಥವಾ ‘ನಿಲ್ಲಿಸು’ ಅನ್ನಲು ಬರುವಂಥ ಗುರಿ ಬೇಕು. ನಿಮಗೆ ನಾನು ಹೇಳುವುದು 99.8%, ಅಂದರೆ ಈಗಿನ ಕ್ರ್ಯಾಶ್‌ನ ಅರ್ಧ. ಇದು 1% ರೋಲ್‌ಔಟ್‌ನಲ್ಲಿ ಗೊತ್ತಾಗುತ್ತದೆಯೇ? ಎಲ್ಲರೂ ತಕ್ಷಣ ಅಪ್‌ಡೇಟ್ ಮಾಡಿದರೂ ದಿನಕ್ಕೆ 2,000 ಸೆಷನ್. ಗುರಿ ಮುಟ್ಟಿದ್ದರೆ 4 ಕ್ರ್ಯಾಶ್, ಹಳೆಯ ಹಾಗೇ ಇದ್ದರೆ 8. ಇಷ್ಟು ಸಣ್ಣ ಎಣಿಕೆ ತಾನಾಗಿಯೇ ಅಷ್ಟು ಏರಿಳಿಯುತ್ತದೆ. 6 ಬಂದರೆ ಏನು ಹೇಳುತ್ತೀರಿ?

5%ಕ್ಕೆ ಹೋದರೆ 10,000 ಸೆಷನ್. ಆಗ ನಿರೀಕ್ಷೆ 20 ಅಥವಾ 40. ಎಣಿಕೆಯ ವರ್ಗಮೂಲದ ಎರಡರಷ್ಟನ್ನು ಏರಿಳಿತ ಅಂತ ಬಿಡುವುದು ರೂಢಿ. 20ಕ್ಕೆ ಅದು ಸುಮಾರು 9. ಹಾಗಾಗಿ ಗೇಟ್ ಹೀಗಿರಲಿ: 10,000 ಸೆಷನ್ ಆಗುವವರೆಗೆ ತೀರ್ಮಾನ ಬೇಡ, ಆದಮೇಲೆ 30ಕ್ಕಿಂತ ಜಾಸ್ತಿ ಕ್ರ್ಯಾಶ್ ಸೆಷನ್ ಬಂದಿದ್ದರೆ ನಿಲ್ಲಿಸಿ. ಒಬ್ಬರೇ ಹತ್ತು ಸಲ ಕ್ರ್ಯಾಶ್ ಆಗಿರುವ ಸಾಧ್ಯತೆ ಇರುವುದರಿಂದ ಎಷ್ಟು ಜನ ಅಂತಲೂ ನೋಡಿ. ಬಿಲ್ ಸ್ಕ್ರೀನಿನ ಫ್ರೀಜ್‌ಗೂ ಇದೇ ಥರ, ಆದರೆ ಅಲ್ಲಿ ಮೊದಲ ರಿಲೀಸ್‌ಗೆ ಗುರಿಯೇ ಬೇಡ. ಎರಡು ವಾರ ಅಳೆಯಿರಿ, ಆಮೇಲೆ ‘ಹಿಂದಿನ ವರ್ಷನ್‌ಗಿಂತ ಕೆಡಬಾರದು’ ಅಂತ ಇಡಿ. 2 ಜಿಬಿ, 3 ಜಿಬಿ ರ‍್ಯಾಮಿನ ಫೋನುಗಳನ್ನು ಬೇರೆಯಾಗಿ ನೋಡಿ. ಬೈಗುಳ ಅಲ್ಲಿಂದಲೇ ಬರುತ್ತಿರಬಹುದು.

ಹೋಲಿಸುವಾಗ ಒಂದು ಎಚ್ಚರಿಕೆ. ಮೊದಲ ದಿನ ಅಪ್‌ಡೇಟ್ ಆಗುವುದು ಹೆಚ್ಚಾಗಿ ವೈಫೈ ಇರುವ, ಜಾಗ ಖಾಲಿ ಇರುವ ಫೋನುಗಳು. ಅವುಗಳ ಅಂಕಿಯನ್ನು ಹಳೆಯ ವರ್ಷನ್‌ನ ಇವತ್ತಿನ ಅಂಕಿಗೆ ಹೋಲಿಸಿದರೆ ಹೊಸದು ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಹಿಂದಿನ ವರ್ಷನ್‌ನ ಮೊದಲ ಮೂರು ದಿನಕ್ಕೆ ಇದರ ಮೊದಲ ಮೂರು ದಿನವನ್ನು ಹೋಲಿಸಿ.

ಇನ್ನೊಂದು, ಕ್ರ್ಯಾಶ್‌ಲಿಟಿಕ್ಸ್‌ನಂಥ ಟೂಲ್‌ಗಳು ಕ್ರ್ಯಾಶ್ ವರದಿಯನ್ನು ಹಲವು ಸಲ ಕಳಿಸುವುದು ಆ್ಯಪ್ ಮತ್ತೆ ತೆರೆದಾಗ. ತೆರೆದ ಕೂಡಲೇ ಬಿದ್ದು, ಬಳಕೆದಾರರು ಬೇಸತ್ತು ಅನ್‌ಇನ್‌ಸ್ಟಾಲ್ ಮಾಡಿದರೆ ಆ ವರದಿ ಬರದೇ ಹೋಗಬಹುದು. ಆದ್ದರಿಂದ ಮೊದಲ ಕೆಲವು ಗಂಟೆಗಳ 99.9 ನಂಬಬೇಡಿ. ಪ್ಲೇ ಕನ್ಸೋಲಿನ ವೈಟಲ್ಸ್ ಪುಟವನ್ನೂ ನೋಡಿ. ಅದು ಮಾಹಿತಿ ತೆಗೆದುಕೊಳ್ಳುವುದು ಫೋನಿನ ಸಿಸ್ಟಮ್‌ನಿಂದಲೇ, ನಿಮ್ಮ ಕೋಡನ್ನು ನೆಚ್ಚಿಕೊಂಡಿಲ್ಲ.

ಗೇಟ್ ಮುರಿದಾಗ ಏನು ಮಾಡುವುದು ಅನ್ನುವುದನ್ನೂ ರಿಲೀಸ್‌ಗೆ ಮುಂಚೆಯೇ ಬರೆದಿಡಿ. ಪ್ಲೇನಲ್ಲಿ ರೋಲ್‌ಔಟ್ ನಿಲ್ಲಿಸಬಹುದು, ಆದರೆ ಆಗಲೇ ಅಪ್‌ಡೇಟ್ ಆದವರ ಫೋನಿನಲ್ಲಿ ಹೊಸದೇ ಉಳಿಯುತ್ತದೆ. ಹಳೆಯ ಕೋಡನ್ನೇ ಮತ್ತೆ ಕೊಡಬೇಕೆಂದರೂ `versionCode` ಏರಿಸಿ ಹೊಸ ಬಿಲ್ಡ್ ಹಾಕಬೇಕು. ಅದು ರಿವ್ಯೂ ದಾಟಿ ತಲುಪುವವರೆಗೆ ಕೈಗೆ ಸಿಗುವುದು ಸರ್ವರ್‌ನಿಂದ ಆಫ್ ಮಾಡಬಹುದಾದ ಸ್ವಿಚ್ ಮಾತ್ರ. ಬಿಲ್ ಸ್ಕ್ರೀನಿನ ಹೊಸ ಭಾಗಕ್ಕೆ ಅಂಥದ್ದೊಂದು ಇಲ್ಲದಿದ್ದರೆ ನಾನಾದರೆ ರಿಲೀಸನ್ನೇ ಒಂದು ವಾರ ಮುಂದಕ್ಕೆ ಹಾಕುತ್ತೇನೆ.