ನೋಡಿ ಹೇಳುತ್ತೇನೆಂದು ಒಯ್ದ ಸರಕು ಯಾರದ್ದು?

"ಸರಕು ಮಾರಾಟ ಕಾಯ್ದೆಯ 24ನೇ ಕಲಮಿಗೆ ಟಿಪ್ಪಣಿಯಲ್ಲಿ ಎರಡೇ ಸಾಲು ಇದೆ. ಗ್ರಾಹಕ ಒಪ್ಪಿದೆ ಎನ್ನದಿದ್ದರೂ ಸರಕು ಅವನದ್ದಾಗುವುದು ಹೇಗೆ?"

ಒಪ್ಪಿಗೆ ಎಂದರೆ ಬಾಯಿಮಾತು ಎಂದಷ್ಟೇ ಓದಿಕೊಂಡಿರುವುದರಿಂದ ಈ ಗೊಂದಲ ಬಂದಿರಬೇಕು. 1930ರ ಈ ಕಾಯ್ದೆಯಲ್ಲಿ ನಡವಳಿಕೆಯೂ ಮೌನವೂ ಒಪ್ಪಿಗೆಯಾಗಬಲ್ಲವು.

ಅಂಗಡಿಯವರು 3,000 ರೂಪಾಯಿಯ ಕೈಗಡಿಯಾರವೊಂದನ್ನು ಕೊಟ್ಟು, "ಬೇಡವಾದರೆ ಮೂರು ದಿನದೊಳಗೆ ಹಿಂದಿರುಗಿಸಿ" ಎಂದರು ಎನ್ನಿ. ಮೊದಲು ಕೇಳಬೇಕಾದದ್ದು, ಗ್ರಾಹಕ ಒಪ್ಪಿಗೆ ತಿಳಿಸಿದನೇ ಎಂದು. ಇಲ್ಲವಾದರೆ, ಮಾಲೀಕನಂತೆ ನಡೆದುಕೊಂಡನೇ ನೋಡಿ. ಎರಡನೆಯ ದಿನ ಅದನ್ನು ಗಿರವಿ ಇಟ್ಟರೆ ಆ ಕ್ಷಣವೇ ಗಡಿಯಾರ ಅವನದ್ದಾಯಿತು. ಅಂಗಡಿಯವರಿಗೆ ಉಳಿಯುವುದು ಬೆಲೆ ಕೇಳುವ ಹಕ್ಕು. ಅಂಥ ನಡವಳಿಕೆಯೂ ಇಲ್ಲವಾದರೆ ಗಡುವು ನೋಡಿ. ಬೇಡವೆಂದು ತಿಳಿಸದೆ ಮೂರು ದಿನ ದಾಟಿಸಿದರೂ ಒಡೆತನ ಅವನಿಗೇ ಹೋಗುತ್ತದೆ.

ಪರೀಕ್ಷೆಯಲ್ಲಿ ಹೆಚ್ಚಾಗಿ ಎಡವುವುದು ಮುಂದಿನ ಹಂತದಲ್ಲಿ. ಗಡುವಿನೊಳಗೆ, ಒಪ್ಪಿಗೆಗೆ ಮೊದಲೇ, ಗ್ರಾಹಕನ ತಪ್ಪಿಲ್ಲದೆ ಗಡಿಯಾರ ಕಳುವಾದರೆ ನಷ್ಟ ಅಂಗಡಿಯವರದ್ದು. ಬೇರೆ ಕರಾರಿಲ್ಲದಿದ್ದರೆ ನಷ್ಟ ಒಡೆತನದ ಹಿಂದೆಯೇ ಹೋಗುತ್ತದೆ ಎನ್ನುವುದು 26ನೇ ಕಲಂ. ಆದರೆ ಗ್ರಾಹಕ ಅದನ್ನು ಅಜಾಗರೂಕತೆಯಿಂದ ಕಳೆದಿದ್ದರೆ, ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವನ ಹೊಣೆ ಅವನ ಮೇಲಿರುತ್ತದೆ.

ಗಡುವನ್ನೇ ಹೇಳದಿದ್ದರೆ "ಸಮಂಜಸ ಕಾಲ" ಲೆಕ್ಕಕ್ಕೆ ಬರುತ್ತದೆ. ಅದು ಎಷ್ಟು ದಿನ ಎಂದು ಖಚಿತವಾಗಿ ಹೇಳಲಾಗದು. ಪ್ರತಿ ಪ್ರಕರಣದ ಸಂಗತಿಗಳ ಮೇಲೆ ತೀರ್ಮಾನವಾಗುತ್ತದೆ. ಉತ್ತರ ಬರೆಯುವಾಗ ಮಾತು, ವರ್ತನೆ, ಗಡುವು ಈ ಕ್ರಮದಲ್ಲಿ ಪರಿಶೀಲಿಸಿ, ನಷ್ಟದ ಪ್ರಶ್ನೆಯನ್ನು ಕೊನೆಗೆ ಎತ್ತಿಕೊಳ್ಳಿ.